ಮಗುವಿನ ತಲೆಯಲ್ಲಿ ನೀರು: ದಾರಿ ಎಲ್ಲಿ ಕಟ್ಟುತ್ತದೆ, ತಲೆ ಯಾಕೆ ಬೆಳೆಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮಕ್ಕಳ ಡಾಕ್ಟರಾಗಿ ಕೆಲಸ ಮಾಡುತ್ತೇನೆ. ಹೈಡ್ರೋಸೆಫಲಸ್, ಅಂದರೆ ತಲೆಯಲ್ಲಿ ನೀರು ತುಂಬಿಕೊಂಡಿದೆ ಅಂತ ಸ್ಕ್ಯಾನ್ ರಿಪೋರ್ಟ್ ಬಂದ ದಿನ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅವನ್ನೇ ಇಲ್ಲಿ ಬರೆದಿದ್ದೇನೆ. ಈ ತೊಂದರೆಯಲ್ಲಿ ಬಗೆಗಳು ಹಲವು. ನಾನು ಜಾಸ್ತಿ ಹೇಳುವುದು ಒಂದರ ಬಗ್ಗೆ: ಹಸುಗೂಸಿನ ಮಿದುಳಿನೊಳಗಿನ ಒಂದು ಸಣ್ಣ ನಾಳ ಕಟ್ಟಿಕೊಂಡು ಬರುವ ಹೈಡ್ರೋಸೆಫಲಸ್. ಅದು ಅರ್ಥವಾದರೆ ಉಳಿದವನ್ನು ಹಿಡಿಯುವುದು ಸುಲಭ.

ತಲೆಯಲ್ಲಿ ನೀರು ಎಲ್ಲಿಂದ ಬಂತು? ಸ್ನಾನ ಮಾಡಿಸುವಾಗ ಕಿವಿಯಲ್ಲಿ ಹೋಯಿತಾ?

ಇಲ್ಲ. ಅಜ್ಜಿಯರ ಮೇಲೆ ಈ ತಪ್ಪು ಹೊರಿಸುವುದನ್ನು ತುಂಬಾ ಸಲ ನೋಡಿದ್ದೇನೆ, ಪಾಪ. ಕಿವಿಗೆ ಹೋದ ನೀರು ಮಿದುಳಿಗೆ ಹೋಗುವುದಿಲ್ಲ.

ಈ ನೀರು ನಿಮ್ಮ ತಲೆಯಲ್ಲೂ ಇದೆ, ನನ್ನ ತಲೆಯಲ್ಲೂ ಇದೆ. ಡಾಕ್ಟರುಗಳು ಇದನ್ನು ಸಿಎಸ್‌ಎಫ್ ಅನ್ನುತ್ತಾರೆ. ನೋಡಲು ತಿಳಿನೀರಿನ ಹಾಗೆಯೇ ಇರುತ್ತದೆ. ಮಿದುಳಿನ ಒಳಗೆ ವೆಂಟ್ರಿಕಲ್ ಎಂಬ ನಾಲ್ಕು ಟೊಳ್ಳು ಜಾಗಗಳಿವೆ. ಅವುಗಳ ಒಳಗೆ ಕೋರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಸಣ್ಣ ಗೊಂಚಲುಗಳಿವೆ. ಈ ನೀರಿನ ಬಹುಪಾಲು ತಯಾರಾಗುವುದು ಅಲ್ಲೇ. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿಲಿ ಉತ್ಪತ್ತಿಯಾಗುತ್ತದೆ. ಆದರೆ ಯಾವುದೇ ಹೊತ್ತಿನಲ್ಲಿ ತಲೆ ಮತ್ತು ಬೆನ್ನುಹುರಿಯ ಸುತ್ತ ಇರುವುದು ಸುಮಾರು 150 ಮಿಲಿ ಮಾತ್ರ. ಅಂದರೆ ದಿನಕ್ಕೆ ಮೂರು ಸಲವಾದರೂ ಹಳೆಯದು ಹೋಗಿ ಹೊಸದು ಬರುತ್ತದೆ. ಹಸುಗೂಸಿನಲ್ಲಿ ಪ್ರಮಾಣ ಕಡಿಮೆ, ಏರ್ಪಾಡು ಇದೇ.

ಒಂದು ವಿಷಯ ಗಮನದಲ್ಲಿಡಿ. ಈ ಗೊಂಚಲುಗಳು ರಕ್ತವನ್ನು ಸುಮ್ನೆ ಸೋಸುವುದಿಲ್ಲ. ಉಪ್ಪಿನಂಶವನ್ನು ಶಕ್ತಿ ಖರ್ಚು ಮಾಡಿ ಒಳಗೆ ತಳ್ಳುತ್ತವೆ, ನೀರು ಅದರ ಹಿಂದೆಯೇ ಬರುತ್ತದೆ. ಅದಕ್ಕೇ ಒಳಗೆ ಒತ್ತಡ ಏರಿದರೂ ಉತ್ಪತ್ತಿ ಅಷ್ಟಾಗಿ ತಗ್ಗುವುದಿಲ್ಲ. ಮುಂದಿನ ಎಲ್ಲ ತೊಂದರೆಯ ಬೇರು ಇಲ್ಲಿದೆ.

ಆ ನೀರು ಯಾವ ದಾರಿಯಲ್ಲಿ ಹೋಗುತ್ತದೆ?

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳ ಸಾಲು ನೆನಪಿಸಿಕೊಳ್ಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಗೆ ಸೇರುತ್ತದೆ, ಅಲ್ವಾ? ತಲೆಯೊಳಗೂ ಹಾಗೆಯೇ, ಒಂದು ತುಂಬಿ ಇನ್ನೊಂದಕ್ಕೆ.

ಎಡಕ್ಕೊಂದು, ಬಲಕ್ಕೊಂದು ದೊಡ್ಡ ವೆಂಟ್ರಿಕಲ್ ಇವೆ. ಎರಡೂ ಮನ್ರೋ ಎಂಬ ಕಿಂಡಿಗಳ ಮೂಲಕ ನಡುವಿನ ಮೂರನೇ ವೆಂಟ್ರಿಕಲ್‌ಗೆ ತೆರೆಯುತ್ತವೆ. ಮೂರನೆಯದರಿಂದ ನಾಲ್ಕನೆಯದಕ್ಕೆ ಇಳಿಯಲು ಒಂದೇ ಒಂದು ನಾಳ ಇದೆ, ಅದರ ಹೆಸರು ಅಕ್ವಿಡಕ್ಟ್. ನಾಲ್ಕನೆಯದು ತಲೆಯ ಹಿಂಬದಿಯಲ್ಲಿ, ಕಿರುಮಿದುಳಿನ ಮುಂದೆ ಇದೆ. ಅಲ್ಲಿಂದ ಮೂರು ಸಣ್ಣ ಬಾಯಿಗಳ ಮೂಲಕ ನೀರು ಮಿದುಳಿನ ಹೊರಮೈಗೆ ಬರುತ್ತದೆ. ಬೆನ್ನುಹುರಿಯ ಸುತ್ತಲೂ ಓಡಾಡುತ್ತದೆ, ಮಿದುಳಿನ ಮೇಲೂ ಹರಡುತ್ತದೆ. ಕೊನೆಗೆ ಬಹುಪಾಲು ನೆತ್ತಿಯ ಒಳಗಿರುವ ದೊಡ್ಡ ಅಭಿಧಮನಿಗೆ ಸೇರಿ ರಕ್ತದಲ್ಲಿ ಬೆರೆತು ಹೋಗುತ್ತದೆ. ಒಂದಷ್ಟು ಪಾಲು ನರಗಳ ಬುಡದ ಸುತ್ತಲಿನ ಸಣ್ಣ ದಾರಿಗಳಲ್ಲೂ ಹೋಗುತ್ತದೆ.

ಕೆರೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೆರೆಯ ತೂಬು ಕಟ್ಟಿದರೂ ನೀರು ಕೋಡಿಯಲ್ಲಿ ಹೊರಗೆ ಹೋಗುತ್ತದೆ. ವೆಂಟ್ರಿಕಲ್‌ಗೆ ಬೇರೆ ಕೋಡಿ ಇಲ್ಲ.

ಹಾಗಾದರೆ ಎಲ್ಲಿ ಕಟ್ಟಿಕೊಳ್ಳುತ್ತದೆ?

ಎಲ್ಲಿ ಬೇಕಾದರೂ ಕಟ್ಟಬಹುದು. ಆದರೆ ತೀರಾ ಸುಲಭವಾಗಿ ಕಟ್ಟುವುದು ಅಕ್ವಿಡಕ್ಟ್. ದೊಡ್ಡವರಲ್ಲೇ ಅದರ ಉದ್ದ ಸುಮಾರು 15 ಮಿಲಿಮೀಟರ್, ಅಗಲ ಒಂದರಿಂದ ಎರಡು ಮಿಲಿಮೀಟರ್ ಅಷ್ಟೇ. ಮಗುವಿನಲ್ಲಿ ಇನ್ನೂ ಕಿರಿದು. ಕೆಲವು ಮಕ್ಕಳಲ್ಲಿ ಅದು ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ಕೆಲವರಲ್ಲಿ ಹೊಟ್ಟೆಯಲ್ಲಿದ್ದಾಗ ತಗುಲಿದ ಸೋಂಕಿನಿಂದಲೋ, ಮಿದುಳಿನೊಳಗೆ ರಕ್ತ ಸೋರಿದ್ದರಿಂದಲೋ ಒಳಗೋಡೆ ಗಾಯವಾಗಿ ನಾಳ ಮುಚ್ಚಿಕೊಳ್ಳುತ್ತದೆ. ಅಪರೂಪಕ್ಕೆ ಪಕ್ಕದಲ್ಲಿ ಬೆಳೆದ ಗಡ್ಡೆ ಅದನ್ನು ಅದುಮುತ್ತದೆ.

ಇದನ್ನು ಪ್ರಯೋಗ ಮಾಡಿ ತೋರಿಸಿದವರು ಅಮೆರಿಕದ ವಾಲ್ಟರ್ ಡ್ಯಾಂಡಿ ಮತ್ತು ಕೆನೆತ್ ಬ್ಲ್ಯಾಕ್‌ಫ್ಯಾನ್, 1913ರ ಸುಮಾರಿಗೆ. ನಾಯಿಗಳ ಅಕ್ವಿಡಕ್ಟ್‌ಗೆ ಹತ್ತಿ ತುರುಕಿ ಮುಚ್ಚಿದರು. ಅದರ ಮೇಲಿನ ಮೂರು ವೆಂಟ್ರಿಕಲ್‌ಗಳೂ ಹಿಗ್ಗಿದವು. ನೀರು ವೆಂಟ್ರಿಕಲ್ ಒಳಗೇ ಹುಟ್ಟುತ್ತದೆ, ಅಲ್ಲಿಂದ ಹೊರಬರಲು ಬೇರೆ ದಾರಿ ಇಲ್ಲ ಎಂಬುದು ಹಾಗೆ ಗಟ್ಟಿಯಾಯಿತು. ಈಗಲೂ ಸ್ಕ್ಯಾನ್ ಓದುವುದು ಇದೇ ಲೆಕ್ಕದಲ್ಲಿ: ಯಾವುದು ಊದಿದೆ, ಯಾವುದು ಊದಿಲ್ಲ ಅಂತ ನೋಡುತ್ತೇವೆ. ಊದಿದ್ದಕ್ಕೂ ಊದದೇ ಇದ್ದುದಕ್ಕೂ ನಡುವೆ ಅಡ್ಡಿ ಇದೆ. ಮೂರನೆಯದು ಊದಿ ನಾಲ್ಕನೆಯದು ಮಾಮೂಲಾಗಿದ್ದರೆ ಅಕ್ವಿಡಕ್ಟ್ ಮೇಲೆ ಅನುಮಾನ.

ನೀರು ಕಟ್ಟಿದರೆ ತಲೆ ಯಾಕೆ ದೊಡ್ಡದಾಗಬೇಕು?

ಹಸುಗೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ. ಒಳಗಿನಿಂದ ಒತ್ತಿದರೆ ಸರಿದು ಜಾಗ ಕೊಡುತ್ತವೆ. ಒಂದು ಲೆಕ್ಕಕ್ಕೆ ಇದು ಮಗುವಿಗೆ ರಕ್ಷಣೆ, ಒತ್ತಡ ಒಂದೇ ಸಲಕ್ಕೆ ಏರುವುದಿಲ್ಲ. ಆದರೆ ಇದರಿಂದಲೇ ಮೋಸವೂ ಆಗುತ್ತದೆ. ಮಗು ಹಾಲು ಕುಡಿಯುತ್ತದೆ, ನಗುತ್ತದೆ, ತಲೆ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಮನೆಯವರು "ಅವರ ತಾತನ ಥರ ದೊಡ್ಡ ತಲೆ" ಅಂದುಕೊಂಡು ಸುಮ್ಮನಿರುತ್ತಾರೆ.

ಅಷ್ಟರಲ್ಲಿ ಒಳಗೆ ವೆಂಟ್ರಿಕಲ್ ಸುತ್ತಲಿನ ನರತಂತುಗಳು ಎಳೆದ ಹಾಗಾಗಿ ತೆಳ್ಳಗಾಗುತ್ತವೆ. ಕಾಲಿಗೆ ಹೋಗುವ ತಂತುಗಳು ವೆಂಟ್ರಿಕಲ್‌ಗೆ ಹತ್ತಿರ ಇರುವುದರಿಂದ ಕಾಲು ಬಿಗಿಯಾಗುವುದು ಮೊದಲು ಕಾಣಿಸಬಹುದು.

ಮನೆಯಲ್ಲೇ ಏನು ನೋಡಬೇಕು?

ಮಗು ಅಳದೆ ಇರುವಾಗ ಎತ್ತಿ ನೆಟ್ಟಗೆ ಕೂರಿಸಿಕೊಂಡು ನೆತ್ತಿಯ ಮೇಲೆ ಬೆರಳಿಡಿ. ಮಾಮೂಲಿಗೆ ಅದು ಸಮತಟ್ಟಾಗಿ ಇಲ್ಲವೇ ಚೂರು ಒಳಗಿರುತ್ತದೆ. ಉಬ್ಬಿ ಬಿಗಿಯಾಗಿದ್ದರೆ ತೋರಿಸಬೇಕು. ಅಳುವಾಗ, ಮಲಗಿದಾಗ ಎಲ್ಲ ಮಕ್ಕಳ ನೆತ್ತಿಯೂ ಸ್ವಲ್ಪ ಉಬ್ಬುತ್ತದೆ, ಅದಕ್ಕೆ ಹೆದರಬೇಡಿ. ಹಣೆಯ ಮೇಲೆ, ಕಿವಿಯ ಮೇಲೆ ನರಗಳು ಎದ್ದು ಕಾಣುವುದು, ಪದೇ ಪದೇ ವಾಂತಿ, ಹಾಲು ಬಿಡುವುದು, ಸದಾ ತೂಗಡಿಕೆ ಕೂಡ ಗಮನಿಸಬೇಕಾದವು.

ಇನ್ನೊಂದು ಗುರುತು ಕಣ್ಣಲ್ಲಿದೆ. ಕಪ್ಪು ಗುಡ್ಡೆ ಕೆಳಗೆ ಇಳಿದಿರುತ್ತದೆ, ಅದರ ಮೇಲೆ ಬಿಳಿ ಕಾಣುತ್ತದೆ. ಕಣ್ಣನ್ನು ಮೇಲಕ್ಕೆ ಎತ್ತುವ ನರಕೇಂದ್ರ ಇರುವುದು ಅಕ್ವಿಡಕ್ಟ್‌ನ ಪಕ್ಕದಲ್ಲೇ. ಹಿಗ್ಗಿದ ಮೂರನೇ ವೆಂಟ್ರಿಕಲ್ ಅದನ್ನು ಒತ್ತುತ್ತದೆ, ಆಗ ಮಗುವಿಗೆ ಮೇಲೆ ನೋಡಲು ಆಗುವುದಿಲ್ಲ. ಇದು ಕಂಡರೆ ನಾಳೆಗೆ ಅಂತ ಕಾಯಬೇಡಿ.

ತಲೆ ಸುತ್ತಳತೆ ಅಳೆಯುವುದರಿಂದ ನಿಜವಾಗಿಯೂ ಗೊತ್ತಾಗುತ್ತದಾ?

ಗೊತ್ತಾಗುತ್ತದೆ, ಒಂದೇ ಸಲ ಅಳೆದರೆ ಅಲ್ಲ. ಚಿಂತಾಮಣಿ ಕಡೆಯ ಒಂದು ಗಂಡು ಮಗುವಿನ ಲೆಕ್ಕ ನೋಡಿ. ಹುಟ್ಟಿದಾಗ 34.5 ಸೆಂಟಿಮೀಟರ್. ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಬಂದಾಗ 38.5. ಇಲ್ಲಿಗೆ ಸರಿಯಾಗಿಯೇ ಇತ್ತು. ಎರಡೂವರೆ ತಿಂಗಳಿಗೆ 41.5. ಆ ವಯಸ್ಸಿನ ಗಂಡು ಮಕ್ಕಳ ನಡುವಿನ ಅಳತೆ 40ರ ಆಸುಪಾಸು. 41.5 ಇದ್ದರೂ ಚಾರ್ಟಿನ ಮೇಲಿನ ಗೆರೆಯ ಒಳಗೇ ಬರುತ್ತದೆ, ಆ ಒಂದು ಅಂಕಿ ನೋಡಿದವರು "ನಾರ್ಮಲ್" ಅನ್ನಬಹುದು. ಆದರೆ ನಾಲ್ಕು ವಾರದಲ್ಲಿ 3 ಸೆಂಟಿಮೀಟರ್ ಬೆಳೆದಿತ್ತು. ಬೆಳೆಯಬೇಕಾಗಿದ್ದುದು ಒಂದೂವರೆ, ಹೆಚ್ಚೆಂದರೆ ಎರಡು.

ಮೂರೂವರೆ ತಿಂಗಳಿಗೆ 44.5 ಆಯಿತು. ಆಗ ಚಾರ್ಟಿನ ಎಲ್ಲ ಗೆರೆ ದಾಟಿತ್ತು, ಕಣ್ಣೂ ಇಳಿದಿತ್ತು. ನಡುವಿನ ಆ ನಾಲ್ಕು ವಾರ ಯಾರಾದರೂ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಒಂದು ತಿಂಗಳು ಮೊದಲೇ ಗೊತ್ತಾಗುತ್ತಿತ್ತು.

ಅಂದಾಜಿಗೆ ಇಷ್ಟು ನೆನಪಿಟ್ಟರೆ ಸಾಕು: ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್, ಮುಂದಿನ ಮೂರು ತಿಂಗಳು ತಿಂಗಳಿಗೆ ಒಂದು, ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ. ಟೇಪು ಹುಬ್ಬಿನ ಮೇಲಿಂದ ಹಿಡಿದು ಹಿಂದೆ ತಲೆಯ ಉಬ್ಬಿದ ಭಾಗದ ಮೇಲೆ ಹಾಯಬೇಕು. ಬಟ್ಟೆ ಟೇಪು ಹಿಗ್ಗಿರುತ್ತದೆ, ಹಿಗ್ಗದ ಟೇಪು ಬಳಸಿ. ಇಂಜೆಕ್ಷನ್‌ಗೆ ಹೋದಾಗಲೆಲ್ಲ ಅಳೆಸಿ, ತಾಯಿ ಕಾರ್ಡಿನಲ್ಲಿ ತಾರೀಖು ಸಮೇತ ಬರೆಸಿಕೊಳ್ಳಿ. ಬರೆಯಲು ಜಾಗ ಇಲ್ಲ ಅಂದರೆ ಅಂಚಿನಲ್ಲಿ ಬರೆಸಿ, ಪರವಾಗಿಲ್ಲ.

ನೆತ್ತಿಗೆ ಹರಳೆಣ್ಣೆ ಹಾಕಿ ತಟ್ಟಿದರೆ ಸರಿ ಹೋಗುತ್ತದಾ? ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೆ ಹೀಗಾಯಿತಾ?

ಎರಡಕ್ಕೂ ಇಲ್ಲ. ಎಣ್ಣೆ ಚರ್ಮದ ಮೇಲೆಯೇ ಉಳಿಯುತ್ತದೆ. ಉಬ್ಬಿದ ನೆತ್ತಿಯನ್ನು ಒತ್ತುವುದು, ತಲೆಗೆ ಬಟ್ಟೆ ಬಿಗಿದು ಕಟ್ಟುವುದು ಮಾತ್ರ ಬೇಡ.

ಯಾವ ಸ್ಕ್ಯಾನ್ ಮಾಡಿಸಬೇಕು?

ನೆತ್ತಿ ತೆರೆದಿರುವವರೆಗೆ ಅದರ ಮೇಲೆಯೇ ಅಲ್ಟ್ರಾಸೌಂಡ್ ಇಟ್ಟು ವೆಂಟ್ರಿಕಲ್ ನೋಡಬಹುದು. ಮಗುವನ್ನು ಮಲಗಿಸುವ ಔಷಧ ಬೇಡ, ಎಕ್ಸ್‌ರೇ ಕಿರಣವೂ ಇಲ್ಲ. ನೀರು ಎಷ್ಟಿದೆ ಎಂದು ಅದರಲ್ಲಿ ತಿಳಿಯುತ್ತದೆ. ಎಲ್ಲಿ ಕಟ್ಟಿದೆ ಎಂದು ಸರಿಯಾಗಿ ತಿಳಿಯಲು ಎಂಆರ್‌ಐ ಬೇಕು. ಚಿಂತಾಮಣಿಯ ಮಗುವಿನ ಎಂಆರ್‌ಐನಲ್ಲಿ ಮೇಲಿನ ಎರಡೂ ಊದಿದ್ದವು, ಮೂರನೆಯದು ಬಲೂನಿನಂತೆ ದುಂಡಗಾಗಿತ್ತು, ನಾಲ್ಕನೆಯದು ಚಿಕ್ಕದಾಗಿ ಸರಿಯಾಗಿತ್ತು. ಗಡ್ಡೆ ಇರಲಿಲ್ಲ. ಅಕ್ವಿಡಕ್ಟ್ ಕಿರಿದಾಗಿರುವುದೇ ಕಾರಣ ಎಂದು ತೀರ್ಮಾನವಾಯಿತು. ಅವಸರದಲ್ಲಿ ಸಿಟಿ ಸ್ಕ್ಯಾನ್ ಮಾಡುವುದೂ ಉಂಟು.

ಬೆನ್ನಿನಿಂದ ನೀರು ತೆಗೆದರೆ ಆಗಲ್ವಾ? ಮಾತ್ರೆ ಇಲ್ವಾ?

ದಾರಿ ಕಟ್ಟಿರುವ ಮಗುವಿಗೆ ಬೆನ್ನಿನಿಂದ ನೀರು ತೆಗೆಯುವುದು ಅಪಾಯ. ಕೆಳಗೆ ನೀರು ಕಡಿಮೆಯಾಗುತ್ತದೆ, ಮೇಲಿನ ನೀರು ಇಳಿದು ಬರಲು ದಾರಿ ಇಲ್ಲ. ಆಗ ಮೇಲಿನ ಒತ್ತಡ ಮಿದುಳನ್ನೇ ಕೆಳಕ್ಕೆ, ಕತ್ತಿನ ಕಡೆಯ ರಂಧ್ರದೊಳಗೆ ತಳ್ಳಬಹುದು. ಉಸಿರಾಟದ ಕೇಂದ್ರ ಇರುವುದು ಅಲ್ಲಿ. ಹಾಗಾಗಿ ಅನುಮಾನ ಇದ್ದರೆ ಮೊದಲು ಸ್ಕ್ಯಾನ್, ಆಮೇಲೆ ಸೂಜಿ.

ಮಾತ್ರೆಯ ವಿಷಯಕ್ಕೆ ಬಂದರೆ, ಅಸೆಟಜೋಲಮೈಡ್ ಎಂಬುದು ಉತ್ಪತ್ತಿಯನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಕಟ್ಟಿದ ನಾಳ ಅದರಿಂದ ತೆರೆಯುವುದಿಲ್ಲ. ಅದನ್ನೇ ನಂಬಿಕೊಂಡು ತಿಂಗಳುಗಟ್ಟಲೆ ಕಾದರೆ ಮಿದುಳಿಗೇ ಪೆಟ್ಟು.

ಶಂಟ್ ಅಂದರೇನು? ದುರ್ಬೀನಿನ ಆಪರೇಷನ್ ಅಂದರೇನು? ಯಾವುದು ಒಳ್ಳೆಯದು?

ಶಂಟ್ ಅಂದರೆ ತೆಳುವಾದ ಸಿಲಿಕೋನ್ ನಳಿಕೆ. ಒಂದು ತುದಿ ವೆಂಟ್ರಿಕಲ್ ಒಳಗೆ, ಇನ್ನೊಂದು ತುದಿ ಹೊಟ್ಟೆಯೊಳಗೆ. ನಡುವೆ ಕಿವಿಯ ಹಿಂದೆ ಒಂದು ವಾಲ್ವ್ ಇರುತ್ತದೆ. ಒತ್ತಡ ಗೊತ್ತಾದ ಮಟ್ಟ ಮೀರಿದರೆ ತೆರೆಯುತ್ತದೆ, ನೀರು ಚರ್ಮದಡಿಯ ನಳಿಕೆಯಲ್ಲಿ ಇಳಿದು ಹೊಟ್ಟೆ ಸೇರುತ್ತದೆ, ಅಲ್ಲಿ ಮೈ ಅದನ್ನು ಹೀರಿಕೊಳ್ಳುತ್ತದೆ. ಮಗು ಬೆಳೆದಂತೆ ಸಾಲಬೇಕಲ್ಲ, ಅದಕ್ಕೆ ಹೊಟ್ಟೆಯಲ್ಲಿ ನಳಿಕೆಯನ್ನು ಉದ್ದವಾಗಿಯೇ ಬಿಟ್ಟಿರುತ್ತಾರೆ.

ದುರ್ಬೀನಿನ ಆಪರೇಷನ್ನನ್ನು ಇಟಿವಿ ಅನ್ನುತ್ತಾರೆ. ಮೂರನೇ ವೆಂಟ್ರಿಕಲ್‌ನ ತಳ ತುಂಬಾ ತೆಳುವಾದ ಪೊರೆ. ಅದರಲ್ಲಿ ಕೆಲವು ಮಿಲಿಮೀಟರಿನ ತೂತು ಮಾಡಿ ಅಕ್ವಿಡಕ್ಟ್ ಬಿಟ್ಟು ನೇರವಾಗಿ ಮಿದುಳಿನ ಹೊರಗಿನ ಜಾಗಕ್ಕೆ ನೀರು ಬಿಡುತ್ತಾರೆ. ಮೈಯಲ್ಲಿ ಯಾವ ವಸ್ತುವೂ ಉಳಿಯುವುದಿಲ್ಲ.

ಕೇಳಿದ ಕೂಡಲೇ ಎಲ್ಲರೂ "ಹಾಗಾದರೆ ಎರಡನೆಯದೇ ಮಾಡಿ" ಅನ್ನುತ್ತಾರೆ. ತಡೆಯಿರಿ. ಅದು ಕೆಲಸ ಮಾಡುವುದು ವಯಸ್ಸಿನ ಮೇಲೆ ನಿಂತಿದೆ. ಹೊರಗೆ ಬಂದ ನೀರನ್ನು ಹೀರುವ ಏರ್ಪಾಡು ಎಳೆಗೂಸಿನಲ್ಲಿ ಇನ್ನೂ ಬಲಿತಿರುವುದಿಲ್ಲ ಎಂಬುದು ಒಂದು ವಿವರಣೆ. ಸರ್ಜನ್‌ಗಳು ಇಟಿವಿ ಸ್ಕೋರ್ ಎಂಬ ಲೆಕ್ಕ ಹಾಕುತ್ತಾರೆ. ವಯಸ್ಸಿಗೆ ಇಷ್ಟು, ಕಾರಣಕ್ಕೆ ಇಷ್ಟು, ಮೊದಲು ಶಂಟ್ ಇಲ್ಲದಿದ್ದರೆ ಇಷ್ಟು ಅಂತ ಅಂಕ ಕೂಡಿಸುತ್ತಾರೆ. ಬಂದ ಮೊತ್ತ ಆರು ತಿಂಗಳವರೆಗೆ ಆ ತೂತು ಕೆಲಸ ಮಾಡುವ ಸಾಧ್ಯತೆ ಶೇಕಡಾ ಎಷ್ಟು ಎಂದು ಅಂದಾಜು ಕೊಡುತ್ತದೆ.

ಚಿಂತಾಮಣಿಯ ಮಗುವಿಗೆ ಮೂರೂವರೆ ತಿಂಗಳು: 10. ಅಕ್ವಿಡಕ್ಟ್ ಕಿರಿದಾಗಿರುವುದು ಕಾರಣ: 30. ಮೊದಲು ಶಂಟ್ ಇಲ್ಲ: 10. ಒಟ್ಟು 50. ಅದೇ ಮಗುವಿಗೆ ಏಳು ತಿಂಗಳಾಗಿದ್ದರೆ ವಯಸ್ಸಿಗೆ 30 ಸಿಕ್ಕಿ ಒಟ್ಟು 70 ಆಗುತ್ತಿತ್ತು. ಆದರೆ ಕಣ್ಣು ಇಳಿದ ಮಗುವನ್ನು ಏಳು ತಿಂಗಳವರೆಗೆ ಕಾಯಿಸಲು ಆಗುವುದಿಲ್ಲ. ಐವತ್ತಕ್ಕೆ ಐವತ್ತು ಅನ್ನುವ ಆಟ ಬೇಡ ಅಂತ ಮನೆಯವರು, ಸರ್ಜನ್ ಮಾತಾಡಿಕೊಂಡು ಶಂಟ್ ಹಾಕಿಸಿದರು. ಬೇರೆ ಸರ್ಜನ್ ಇಟಿವಿಯನ್ನೇ ಆರಿಸಿದ್ದರೂ ತಪ್ಪು ಅನ್ನುತ್ತಿರಲಿಲ್ಲ.

ಶಂಟ್ ಹಾಕಿದರೆ ಮುಗಿಯಿತಾ?

ಮುಗಿಯುವುದಿಲ್ಲ. ಇದನ್ನು ಆಪರೇಷನ್‌ಗೆ ಮೊದಲೇ ಹೇಳಬೇಕು. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಹತ್ತಕ್ಕೆ ಮೂರು, ನಾಲ್ಕು ಮೊದಲ ವರ್ಷದಲ್ಲೇ ಕೆಡುತ್ತವೆ. ಕಟ್ಟಿಕೊಳ್ಳುವುದು ಜಾಸ್ತಿ, ಅದೂ ತಲೆಯೊಳಗಿನ ತುದಿಯಲ್ಲಿ. ಮೊದಲ ಕೆಲವು ತಿಂಗಳಲ್ಲಿ ಸೋಂಕಿನ ಭಯವೂ ಇರುತ್ತದೆ: ಜ್ವರ, ನಳಿಕೆಯ ಗುಂಟ ಕೆಂಪು, ಹೊಟ್ಟೆನೋವು.

ಚಿಂತಾಮಣಿಯ ಮಗುವಿನ ನೆತ್ತಿ ಆಪರೇಷನ್ ಆದ ಮೇಲೆ ಮೆತ್ತಗಾಯಿತು, ಕಣ್ಣು ಮೇಲೆ ಬಂತು. ತಲೆ ಬೆಳೆಯುವುದು ನಿಂತಿತು, ಮೈ ಅದನ್ನು ಹಿಂದಿನಿಂದ ಹಿಡಿಯಿತು. ಹತ್ತು ತಿಂಗಳಲ್ಲಿ ವಾಂತಿ ಶುರುವಾಯಿತು. ಹಲ್ಲು ಬರುತ್ತಿದೆ, ಅದಕ್ಕೆ ಎಂದು ಮನೆಯಲ್ಲಿ ಅಂದುಕೊಂಡರು. ಮಾರನೇ ದಿನ ಮಗು ಎಬ್ಬಿಸಿದರೂ ಏಳಲೊಲ್ಲದು, ನೆತ್ತಿ ಮತ್ತೆ ಬಿಗಿ. ಅಜ್ಜಿ ನೆತ್ತಿ ಮುಟ್ಟಿ ನೋಡಿ "ನಡೀರಿ, ಗಾಡಿ ತೆಗೀರಿ" ಅಂದರಂತೆ. ಸ್ಕ್ಯಾನ್‌ನಲ್ಲಿ ವೆಂಟ್ರಿಕಲ್ ಮತ್ತೆ ಊದಿದ್ದವು, ಮೇಲಿನ ತುದಿ ಕಟ್ಟಿತ್ತು. ಈ ಸಲ ಲೆಕ್ಕ ಬೇರೆ ಬಂತು: ವಯಸ್ಸಿಗೆ 30, ಕಾರಣಕ್ಕೆ 30, ಶಂಟ್ ಇದ್ದುದರಿಂದ ಕೊನೆಯದು ಸೊನ್ನೆ. ಒಟ್ಟು 60. ಈ ಸಲ ಇಟಿವಿ ಮಾಡಿದರು, ಅದು ಕೆಲಸ ಮಾಡಿತು.

ಇಟಿವಿ ತೂತೂ ಮುಚ್ಚಿಕೊಳ್ಳಬಹುದು. ಮುಚ್ಚುವುದಾದರೆ ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ, ಆದರೆ ವರ್ಷಗಳ ಮೇಲೆ ಇದ್ದಕ್ಕಿದ್ದ ಹಾಗೆ ಮುಚ್ಚಿದ್ದೂ ಇದೆ. ಹಾಗಾಗಿ ಶಂಟ್ ಇರಲಿ, ಇಟಿವಿ ಇರಲಿ, ವಾಂತಿಯ ಜೊತೆ ತೂಗಡಿಕೆ ಬಂದರೆ ಬೇರೆ ಕಾರಣ ಹುಡುಕುವ ಮೊದಲು ತಲೆ ನೋಡಿಸಿ.

ದೊಡ್ಡ ಮಕ್ಕಳಿಗೂ, ದೊಡ್ಡವರಿಗೂ ಬರುತ್ತದಾ?

ಬರುತ್ತದೆ. ಮೂಳೆ ಬೆಸೆದ ಮೇಲೆ ತಲೆ ಹಿಗ್ಗುವುದಿಲ್ಲ, ಒತ್ತಡ ನೇರವಾಗಿ ಏರುತ್ತದೆ. ಬೆಳಿಗ್ಗೆ ಏಳುವಾಗ ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಮಂಪರು. ಮಕ್ಕಳಲ್ಲಿ ನಾಲ್ಕನೇ ವೆಂಟ್ರಿಕಲ್‌ನ ಗಡ್ಡೆ ಒಂದು ಕಾರಣ. ನಮ್ಮಲ್ಲಿ ಮರೆಯಬಾರದ ಇನ್ನೊಂದು ಕಾರಣ ಟಿಬಿ. ಟಿಬಿ ಮಿದುಳಿನ ಪೊರೆಗೆ ಹತ್ತಿದರೆ ಮಿದುಳಿನ ಬುಡದಲ್ಲಿ ಅಂಟಿನಂತಹ ಕೀವು ಕೂರುತ್ತದೆ. ವೆಂಟ್ರಿಕಲ್‌ನಿಂದ ನೀರು ಹೊರಗೆ ಬಂದರೂ ಮುಂದೆ ಸಾಗುವುದಿಲ್ಲ, ಆಗ ನಾಲ್ಕೂ ಊದುತ್ತವೆ. ಇಲ್ಲಿ ಟಿಬಿ ಔಷಧವೂ ಬೇಕು, ನೀರಿಗೆ ದಾರಿಯೂ ಬೇಕು.

ಬುದ್ಧಿಗೆ ತೊಂದರೆ ಆಗುತ್ತದಾ?

ಸ್ಕ್ಯಾನ್ ತೋರಿಸಿ ಇದನ್ನು ಕೇಳುವವರಿಗೆ ನಾನು ಆ ದಿನವೇ ಉತ್ತರ ಕೊಡುವುದಿಲ್ಲ. ತೆಳ್ಳಗಾದ ಮಿದುಳು ಒತ್ತಡ ಇಳಿದ ಮೇಲೆ ಎಷ್ಟೋ ಸಲ ಮತ್ತೆ ದಪ್ಪವಾಗುತ್ತದೆ. ಚಿತ್ರದಲ್ಲಿ ಹೆದರಿಕೆ ಹುಟ್ಟಿಸಿದ ಮಗು ಶಾಲೆಗೆ ಹೋಗುವುದೂ ಇದೆ. ಫಲಿತಾಂಶ ಜಾಸ್ತಿ ನಿಂತಿರುವುದು ಕಾರಣದ ಮೇಲೆ ಮತ್ತು ಎಷ್ಟು ಬೇಗ ದಾರಿ ಮಾಡಿಕೊಟ್ಟರು ಅನ್ನುವುದರ ಮೇಲೆ. ಟಿಬಿ, ರಕ್ತಸ್ರಾವ ಆಗಿದ್ದರೆ ಮಿದುಳಿಗೇ ಬೇರೆ ಪೆಟ್ಟು ಬಿದ್ದಿರುತ್ತದೆ. ಕೂರುವುದು, ನಿಲ್ಲುವುದು, ಮಾತು, ಕಣ್ಣು, ಕಿವಿ ಎಲ್ಲವನ್ನೂ ವರ್ಷಗಟ್ಟಲೆ ನೋಡುತ್ತಿರಬೇಕು.

ಎಲ್ಲಿಗೆ ಹೋಗಬೇಕು? ಖರ್ಚು?

ಮೊದಲು ಹತ್ತಿರದ ಮಕ್ಕಳ ಡಾಕ್ಟರು ಅಥವಾ ಜಿಲ್ಲಾ ಆಸ್ಪತ್ರೆ. ನರಶಸ್ತ್ರಚಿಕಿತ್ಸೆಗೆ ನಮ್ಮ ಕಡೆಯವರು ಹೆಚ್ಚಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಕೇಳಿ ತೆಗೆದುಕೊಳ್ಳಿ. ಹಳೆಯ ಸ್ಕ್ಯಾನ್‌ಗಳ ಸಿಡಿ, ತಾಯಿ ಕಾರ್ಡ್ ಎರಡನ್ನೂ ಕೈಯಲ್ಲಿಡಿ. ಹಳೆಯ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಶಂಟ್ ಕೆಟ್ಟಿದೆಯೋ ಇಲ್ಲವೋ ಹೇಳಲು ಸುಲಭ. ಮಗು ಮಂಪರಿನಲ್ಲಿದ್ದರೆ ಚೀಟಿಗಾಗಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಮುಂದಿನ ಮಗುವಿಗೂ ಬರುತ್ತದಾ?

ಬಹಳ ಮಟ್ಟಿಗೆ ಇಲ್ಲ. ಆದರೆ ಅಕ್ವಿಡಕ್ಟ್ ಕಿರಿದಾಗುವ ಒಂದು ಬಗೆ ತಾಯಿಯ ಕಡೆಯಿಂದ ಗಂಡು ಮಕ್ಕಳಿಗೆ ಬರುತ್ತದೆ, ಎಲ್1ಸಿಎಎಂ ಎಂಬ ಜೀನ್ ಕೆಟ್ಟಿರುವುದರಿಂದ. ಅಂಥ ಮಗುವಿನ ಹೆಬ್ಬೆರಳುಗಳು ಅಂಗೈಯೊಳಗೆ ಮಡಚಿಕೊಂಡಿರುವುದುಂಟು. ತಾಯಿಯ ಅಣ್ಣತಮ್ಮಂದಿರಿಗೆ, ಸೋದರಮಾವಂದಿರಿಗೆ ಹೀಗೇ ಆಗಿತ್ತಾ ಎಂದು ಕೇಳಿ ನೋಡಿ, ಆಗಿದ್ದರೆ ಜೀನ್ ಪರೀಕ್ಷೆ ಮಾಡಿಸಿ. ಮುಂದಿನ ಬಸಿರಿನಲ್ಲಿ 18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ. ಅದರಲ್ಲಿ ವೆಂಟ್ರಿಕಲ್ ಅಗಲ 10 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಅಲ್ಲಿ ಸರಿ ಬಂದರೂ ಒಂದಿಷ್ಟು ವಾರ ಬಿಟ್ಟು ಇನ್ನೊಂದು ಸಲ ನೋಡಿಸಬೇಕು, ಯಾಕೆಂದರೆ ಕೆಲವು ಮಕ್ಕಳಲ್ಲಿ ಊದುವುದು ಏಳನೇ ತಿಂಗಳ ಮೇಲೆಯೇ ಕಾಣಿಸುತ್ತದೆ.